ಆಲ್ಫಾ ಪಕ್ಕದಲ್ಲಿ ಇನ್ನೊಂದು ಅಂಕಿ ಬೇಕು

ಮ್ಯೂಚುವಲ್ ಫಂಡ್ ಮಾರುವವರ ಬಾಯಲ್ಲಿ ಈಗ ‘ಆಲ್ಫಾ’ ಎಂಬ ಪದ ಸಲೀಸಾಗಿ ಓಡಾಡುತ್ತದೆ. ‘ಈ ಫಂಡ್‌ನ ಆಲ್ಫಾ ಶೇ 2.8, ನಿಮ್ಮದು ಶೇ 0.5 ಮಾತ್ರ, ಬದಲಾಯಿಸಿಬಿಡಿ ಸರ್’ ಎಂಬ ಸಂದೇಶ ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ಸಂಬಳದಿಂದ ಎಸ್‌ಐಪಿ ಕಟ್ಟುತ್ತಿರುವ ನಮ್ಮಲ್ಲಿ ಅನೇಕರ ಮೊಬೈಲಿಗೆ ಬಂದಿರುತ್ತದೆ. ಊರಲ್ಲಿ ಸೈಟು ಕೊಳ್ಳಲು, ಮಕ್ಕಳ ಓದಿಗೆ, ನಿವೃತ್ತಿಗೆ ಎಂದು ಕೂಡಿಟ್ಟ ಹಣ ಆ ಒಂದು ಅಂಕಿಯ ಮೇಲೆ ಅತ್ತಿಂದಿತ್ತ ಹೋಗುತ್ತದೆ. ಅಂಕಿ ಸುಳ್ಳಲ್ಲ. ಆದರೆ ಅದು ಅರ್ಧ ಮಾತ್ರ. ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ಹೇಳುವ ಉಳಿದರ್ಧವನ್ನು ಯಾರೂ ಕೊಡುವುದಿಲ್ಲ.

ಮೊದಲು ಆಲ್ಫಾ ಎಂದರೇನು ನೋಡೋಣ. ಷೇರುಪೇಟೆ ಏರಿದಾಗ ಎಲ್ಲ ಷೇರು ಫಂಡ್‌ಗಳೂ ಏರುತ್ತವೆ. ಅದರಲ್ಲಿ ಮ್ಯಾನೇಜರ್‌ನ ಹೆಚ್ಚುಗಾರಿಕೆ ಏನೂ ಇಲ್ಲ. ಪೇಟೆಯ ಏರಿಳಿತಕ್ಕೆ ಫಂಡ್ ಎಷ್ಟು ಬಾಗುತ್ತದೆ ಎಂಬುದು ಬೀಟಾ. ಆ ಪಾಲನ್ನು ಕಳೆದ ಮೇಲೆ ಉಳಿಯುವುದು ಆಲ್ಫಾ. ಈ ಅಳತೆಯನ್ನು ಬಳಕೆಗೆ ತಂದವರು ಅಮೆರಿಕದ ಅರ್ಥಶಾಸ್ತ್ರಜ್ಞ ಮೈಕೆಲ್ ಜೆನ್ಸನ್. 1945ರಿಂದ 1964ರವರೆಗಿನ 115 ಅಮೆರಿಕನ್ ಫಂಡ್‌ಗಳನ್ನು ಪರೀಕ್ಷಿಸಿ 1968ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ, ವೆಚ್ಚ ಕಳೆದ ಮೇಲೆ ಸರಾಸರಿ ಆಲ್ಫಾ ವರ್ಷಕ್ಕೆ ಸುಮಾರು ಮೈನಸ್ ಶೇ 1.1 ಇತ್ತು. ಬರೀ ಅದೃಷ್ಟದಿಂದ ನಿರೀಕ್ಷಿಸಬಹುದಾದುದಕ್ಕಿಂತ ಒಂದು ಫಂಡ್ ಗಣನೀಯವಾಗಿ ಮೇಲಿದೆ ಎನ್ನಲು ಅವರಿಗೆ ಪುರಾವೆ ಸಿಕ್ಕಿದ್ದು ತೀರಾ ಕಡಿಮೆ. ಅಂದರೆ ಅಳತೆಗೋಲು ಹುಟ್ಟಿದ ದಿನವೇ ‘ಇದು ಅದೃಷ್ಟವೋ, ಜಾಣ್ಮೆಯೋ’ ಎಂಬ ಪ್ರಶ್ನೆಯೂ ಅದರ ಜೊತೆಗಿತ್ತು. ನಮ್ಮಲ್ಲಿಗೆ ಬರುವಷ್ಟರಲ್ಲಿ ಅಂಕಿ ಉಳಿದು ಪ್ರಶ್ನೆ ಕಳೆದುಹೋಗಿದೆ.

ಲೆಕ್ಕ ಹಾಕುವುದು ಹೀಗೆ

ಬೇಕಾದ್ದು ಮೂರು ಮಾಹಿತಿ: ಫಂಡ್‌ನ ತಿಂಗಳ ಕೊನೆಯ ಎನ್‌ಎವಿ, ಪೇಟೆ ಸೂಚ್ಯಂಕದ ತಿಂಗಳ ಕೊನೆಯ ಮಟ್ಟ, ಮತ್ತು 91 ದಿನಗಳ ಟ್ರೆಷರಿ ಬಿಲ್ಲಿನ ಬಡ್ಡಿ. ಎನ್‌ಎವಿಯಿಂದ ಪ್ರತಿ ತಿಂಗಳ ಗಳಿಕೆಯನ್ನು ಶೇಕಡಾವಾರು ತೆಗೆದು, ಆ ತಿಂಗಳ ಟ್ರೆಷರಿ ಬಿಲ್ ಬಡ್ಡಿಯನ್ನು ಕಳೆಯಬೇಕು. ಅಪಾಯವಿಲ್ಲದೆ ಸಿಗುತ್ತಿದ್ದ ಹಣವನ್ನು ಬಿಟ್ಟು ಉಳಿದ ಹೆಚ್ಚುವರಿ ಗಳಿಕೆ ಅದು. ಸೂಚ್ಯಂಕಕ್ಕೂ ಹೀಗೇ ಮಾಡಬೇಕು. ಈಗ ಫಂಡ್‌ನ ಹೆಚ್ಚುವರಿ ಗಳಿಕೆ ಒಂದು ಕಾಲಂ, ಪೇಟೆಯದು ಇನ್ನೊಂದು ಕಾಲಂ. ಎರಡರ ನಡುವೆ ರಿಗ್ರೆಷನ್ ಗೆರೆ ಎಳೆದರೆ ಗೆರೆಯ ಓಟ ಬೀಟಾ, ಪೇಟೆಯ ಹೆಚ್ಚುವರಿ ಗಳಿಕೆ ಸೊನ್ನೆ ಇದ್ದಲ್ಲಿ ಗೆರೆ ನಿಲ್ಲುವ ಎತ್ತರ ಆಲ್ಫಾ. ಎಕ್ಸೆಲ್‌ನಲ್ಲಿ ಒಂದೇ ಸಾಲು ಸಾಕು:

```
=LINEST(D2:D61, E2:E61, TRUE, TRUE)
```

ಇಲ್ಲಿ D ಕಾಲಂ ಫಂಡ್, E ಕಾಲಂ ಪೇಟೆ, ಒಟ್ಟು 60 ತಿಂಗಳು. ಉತ್ತರದ ಮೊದಲ ಸಾಲಿನಲ್ಲಿ ಬೀಟಾ ಮತ್ತು ಆಲ್ಫಾ ಬರುತ್ತವೆ. ಬಹುತೇಕರು ಅಲ್ಲಿಗೇ ನಿಲ್ಲುತ್ತಾರೆ. ನೋಡಬೇಕಾದ್ದು ಎರಡನೇ ಸಾಲು. ಅಲ್ಲಿರುವುದು ಅವುಗಳ ಸ್ಟ್ಯಾಂಡರ್ಡ್ ಎರರ್, ಅಂದರೆ ಈ ಅಂದಾಜು ಎಷ್ಟು ಆಚೀಚೆ ಆಗಿರಬಹುದು ಎಂಬ ಅಳತೆ.

ಒಂದು ಕಾಲ್ಪನಿಕ ಲಾರ್ಜ್ ಕ್ಯಾಪ್ ಫಂಡ್ ತೆಗೆದುಕೊಳ್ಳೋಣ. 60 ತಿಂಗಳಲ್ಲಿ ಅದರ ಹೆಚ್ಚುವರಿ ಗಳಿಕೆಯ ಸರಾಸರಿ ತಿಂಗಳಿಗೆ ಶೇ 0.95, ಪೇಟೆಯದು ಶೇ 0.80, ಬೀಟಾ 0.90 ಎಂದಿಟ್ಟುಕೊಳ್ಳಿ. ಪೇಟೆಯಿಂದ ಬಂದ ಪಾಲು 0.90 × 0.80, ಅಂದರೆ 0.72. ಉಳಿದದ್ದು 0.23. ಇದೇ ತಿಂಗಳ ಆಲ್ಫಾ. 12ರಿಂದ ಗುಣಿಸಿದರೆ ವರ್ಷಕ್ಕೆ ಸುಮಾರು ಶೇ 2.8. ಜಾಹೀರಾತಿಗೆ ಹೇಳಿ ಮಾಡಿಸಿದ ಅಂಕಿ.

ಆದರೆ ಪ್ರತಿ ತಿಂಗಳೂ ಫಂಡ್ ಗೆರೆಯ ಮೇಲೆ ಸರಿಯಾಗಿ ಕೂರುವುದಿಲ್ಲ. ಒಂದು ತಿಂಗಳು ಮೇಲೆ ಜಿಗಿಯುತ್ತದೆ, ಇನ್ನೊಂದು ತಿಂಗಳು ಕೆಳಗೆ ಬೀಳುತ್ತದೆ. ನಮ್ಮ ಫಂಡ್‌ನಲ್ಲಿ ಈ ಓಲಾಟ ತಿಂಗಳಿಗೆ ಶೇ 1.4 ಎಂದುಕೊಳ್ಳೋಣ. ಲಾರ್ಜ್ ಕ್ಯಾಪ್ ಫಂಡ್‌ಗೆ ಇದು ವಿಪರೀತವೇನಲ್ಲ. ಈಗ ಯೋಚಿಸಿ: 1.4ರಷ್ಟು ತೂಗಾಡುವ ಮುಳ್ಳಿನಲ್ಲಿ ನಾವು 0.23 ಅನ್ನು ಓದಲು ಹೊರಟಿದ್ದೇವೆ. ಅಲ್ಲಾಡುವ ತಕ್ಕಡಿಯಲ್ಲಿ ಚಿನ್ನ ತೂಗಿದಂತೆ. ಹಲವು ಬಾರಿ ತೂಗಿ ಸರಾಸರಿ ತೆಗೆದರೆ ತಪ್ಪು ಕಡಿಮೆಯಾಗುತ್ತದೆ ನಿಜ, ಆದರೆ ನಿಧಾನವಾಗಿ, ತಿಂಗಳ ಸಂಖ್ಯೆಯ ವರ್ಗಮೂಲದಷ್ಟು ಮಾತ್ರ. 60ರ ವರ್ಗಮೂಲ ಸುಮಾರು 7.75. 1.4 ಅನ್ನು ಅದರಿಂದ ಭಾಗಿಸಿದರೆ ಸ್ಟ್ಯಾಂಡರ್ಡ್ ಎರರ್ ಸುಮಾರು ಶೇ 0.18.

ಆಲ್ಫಾವನ್ನು ಸ್ಟ್ಯಾಂಡರ್ಡ್ ಎರರ್‌ನಿಂದ ಭಾಗಿಸಿದರೆ ಟಿ ಮೌಲ್ಯ: 0.23 ÷ 0.18, ಅಂದರೆ ಸುಮಾರು 1.3. ಅದೃಷ್ಟದ ಆಟ ಎಂಬ ಸಂಶಯವನ್ನು ಬದಿಗಿಡಲು ರೂಢಿಯಲ್ಲಿರುವ ಗಡಿ ಸುಮಾರು 2. ನಮ್ಮ ಫಂಡ್ ಅದನ್ನು ಮುಟ್ಟಿಲ್ಲ. ನಿಜವಾದ ಆಲ್ಫಾ ಸೊನ್ನೆಯೇ ಆಗಿದ್ದರೂ, ಮೇಲಕ್ಕೋ ಕೆಳಕ್ಕೋ ಇಷ್ಟು ದೊಡ್ಡ ಅಂಕಿ ನೂರರಲ್ಲಿ ಸುಮಾರು 20 ಸಲ ತಾನಾಗಿಯೇ ಕಾಣಿಸಿಕೊಳ್ಳುತ್ತದೆ. ‘ಹಾಗಾದರೆ ಜಾಣ್ಮೆ ಇರುವ ಸಾಧ್ಯತೆ ಶೇ 80’ ಎಂದು ಇದನ್ನು ತಿರುಗಿಸಿ ಓದಬಾರದು. ಜಾಣ್ಮೆ ಇಲ್ಲ ಎಂದು ಊಹಿಸಿ ಹಾಕಿದ ಲೆಕ್ಕವಿದು. ಜಾಣ್ಮೆ ಇರುವ ಸಾಧ್ಯತೆ ಎಷ್ಟು ಎಂಬುದನ್ನು ಅದು ಹೇಳುವುದಿಲ್ಲ.

ಇದೇ ಮಾತನ್ನು ಇನ್ನೂ ಪ್ರಾಮಾಣಿಕವಾಗಿ ಹೇಳುವ ರೀತಿ ಒಂದಿದೆ. ಆಲ್ಫಾದ ಆಚೀಚೆ ಎರಡೆರಡು ಸ್ಟ್ಯಾಂಡರ್ಡ್ ಎರರ್ ಸೇರಿಸಿದರೆ ಸಿಗುವ ವ್ಯಾಪ್ತಿ ವರ್ಷಕ್ಕೆ ಮೈನಸ್ ಶೇ 1.6ರಿಂದ ಪ್ಲಸ್ ಶೇ 7.1ರವರೆಗೆ. ಅಂದರೆ ಈ ಮ್ಯಾನೇಜರ್ ಅಪರೂಪದ ಜಾಣನೂ ಇರಬಹುದು, ನಮ್ಮ ಹಣ ಕರಗಿಸುವವನೂ ಇರಬಹುದು. ಐದು ವರ್ಷಗಳ ದಾಖಲೆ ಅಷ್ಟನ್ನು ಮಾತ್ರ ಹೇಳುತ್ತದೆ. ಟಿ ಕಡಿಮೆ ಎಂದಮಾತ್ರಕ್ಕೆ ಜಾಣ್ಮೆ ಇಲ್ಲವೆಂದೂ ಸಾಬೀತಾಗುವುದಿಲ್ಲ.

ಕಾಯಬೇಕಾದ ಕಾಲ

ಹಾಗಾದರೆ ಎಷ್ಟು ಕಾಲ ಕಾಯಬೇಕು? ಇದೇ ಆಲ್ಫಾ, ಇದೇ ಓಲಾಟ ಮುಂದುವರಿದರೆ ಟಿ ಮೌಲ್ಯ 2 ಮುಟ್ಟಲು ಸುಮಾರು 150 ತಿಂಗಳು ಬೇಕು, ಅಂದರೆ ಹನ್ನೆರಡೂವರೆ ವರ್ಷ. ಬಹಳಷ್ಟು ಕಡೆ ಆಲ್ಫಾ ತೋರಿಸುವುದು ಮೂರು ವರ್ಷಗಳ, ಅಂದರೆ 36 ತಿಂಗಳ ಲೆಕ್ಕದಲ್ಲಿ. ಅಷ್ಟರಲ್ಲಿ ನಮ್ಮ ಉದಾಹರಣೆಯ ಟಿ ಮೌಲ್ಯ 1 ಕೂಡ ತಲುಪುವುದಿಲ್ಲ. ಇನ್ನೊಂದು ತೊಡಕೂ ಇದೆ. ಹನ್ನೆರಡು ವರ್ಷದಲ್ಲಿ ಮ್ಯಾನೇಜರ್ ಬದಲಾಗಿರಬಹುದು. ಆಗ ಆ ಆಲ್ಫಾ ಯಾರದು? ಹೋದವರದ್ದನ್ನು ನೋಡಿ ಬಂದವರಿಗೆ ಹಣ ಕೊಡುತ್ತಿದ್ದೇವೆಯೇ?

ಇದಕ್ಕಿಂತ ದೊಡ್ಡ ಬಲೆ ಪಟ್ಟಿಯ ಮೇಲ್ತುದಿಯಿಂದ ಆರಿಸುವುದು. 40 ಫಂಡ್‌ಗಳಿವೆ, ಒಬ್ಬರಲ್ಲೂ ನಿಜವಾದ ಆಲ್ಫಾ ಇಲ್ಲ ಎಂದಿಟ್ಟುಕೊಳ್ಳಿ. ಒಂದೊಂದಕ್ಕೂ ಬರೀ ಅದೃಷ್ಟದಿಂದ ಟಿ ಮೌಲ್ಯ 2 ದಾಟುವ ಸಾಧ್ಯತೆ ಸುಮಾರು ಶೇ 2.5. ಚಿಕ್ಕದೆನಿಸುತ್ತದೆ. ಆದರೆ ಒಂದರ ಗತಿ ಇನ್ನೊಂದಕ್ಕೆ ಅಂಟಿಕೊಂಡಿಲ್ಲವಾದರೆ, 40ರಲ್ಲಿ ಒಂದಾದರೂ ಹಾಗೆ ದಾಟುವ ಸಾಧ್ಯತೆ ಶೇ 64. ಆಮೇಲೆ ಆ ಒಂದನ್ನೇ ಹುಡುಕಿ ‘ನೋಡಿ, ಸಂಖ್ಯಾಶಾಸ್ತ್ರವೇ ಒಪ್ಪಿದೆ’ ಎಂದು ನಮ್ಮ ಮುಂದಿಟ್ಟರೆ ಅದರಲ್ಲಿ ಹುರುಳಿಲ್ಲ. 2ರ ಗಡಿ ಮೊದಲೇ ಗುರುತಿಸಿಟ್ಟ ಒಂದು ಫಂಡ್‌ಗೆ ಮಾತ್ರ ಅನ್ವಯಿಸುತ್ತದೆ. ನಲವತ್ತರಲ್ಲಿ ಮೊದಲ ಸ್ಥಾನ ಪಡೆದದ್ದನ್ನು ಅಳೆಯಲು ಗಡಿ 3ಕ್ಕಿಂತ ಮೇಲಿರಬೇಕು.

ಯಾವುದರ ಜೊತೆ ಹೋಲಿಕೆ?

ಸ್ಟ್ಯಾಂಡರ್ಡ್ ಎರರ್ ಸರಿಯಿದ್ದರೂ ಬೆಂಚ್‌ಮಾರ್ಕ್ ತಪ್ಪಿದ್ದರೆ ಆಲ್ಫಾ ಹುಸಿಯಾಗುತ್ತದೆ. ಫಂಡ್‌ಗೆ ಬರುವ ಡಿವಿಡೆಂಡ್ ಅದರ ಎನ್‌ಎವಿಯಲ್ಲಿ ಸೇರಿರುತ್ತದೆ. ಆದರೆ ಟಿ.ವಿ.ಯಲ್ಲಿ ಕಾಣುವ ನಿಫ್ಟಿ 50 ಮಟ್ಟದಲ್ಲಿ ಡಿವಿಡೆಂಡ್ ಇಲ್ಲ. ಅದರ ಜೊತೆ ಹೋಲಿಸಿದರೆ ವರ್ಷಕ್ಕೆ ಹತ್ತಿರಹತ್ತಿರ ಶೇ 1ರಷ್ಟು ಪುಕ್ಕಟೆ ಆಲ್ಫಾ ಹುಟ್ಟಿಕೊಳ್ಳುತ್ತದೆ. ಇದನ್ನು ತಪ್ಪಿಸಲೆಂದೇ ಸೆಬಿ 2018ರ ಫೆಬ್ರುವರಿ 1ರಿಂದ ಡಿವಿಡೆಂಡ್ ಸೇರಿಸಿದ ಟೋಟಲ್ ರಿಟರ್ನ್ ಸೂಚ್ಯಂಕದ ಜೊತೆ ಹೋಲಿಸುವುದನ್ನು ಕಡ್ಡಾಯ ಮಾಡಿತು. ಮನೆಯಲ್ಲಿ ಲೆಕ್ಕ ಹಾಕುವವರೂ ಅದನ್ನೇ ಬಳಸಬೇಕು.

ಇನ್ನೊಂದು ಮೋಸ ಕಣ್ಣಿಗೆ ಬೀಳುವುದಿಲ್ಲ. ಲಾರ್ಜ್ ಕ್ಯಾಪ್ ಫಂಡ್ ಕೂಡ ಒಂದಿಷ್ಟು ಹಣವನ್ನು ಮಿಡ್ ಕ್ಯಾಪ್ ಷೇರುಗಳಲ್ಲಿ ಇಡಬಹುದು. ಮಿಡ್ ಕ್ಯಾಪ್ ಓಡಿದ ವರ್ಷಗಳಲ್ಲಿ ಆ ಗಳಿಕೆಯೆಲ್ಲ ಆಲ್ಫಾ ವೇಷ ಹಾಕಿಕೊಂಡು ಬರುತ್ತದೆ. ಪತ್ತೆ ಮಾಡಲು ರಿಗ್ರೆಷನ್‌ಗೆ ಇನ್ನೊಂದು ಕಾಲಂ ಸೇರಿಸಿ: ಮಿಡ್ ಕ್ಯಾಪ್ 150 ಸೂಚ್ಯಂಕದ ಗಳಿಕೆಯಿಂದ ನಿಫ್ಟಿ 50 ಗಳಿಕೆ ಕಳೆದದ್ದು. ಹೊಸ ಕಾಲಂ ಬಂದೊಡನೆ ಆಲ್ಫಾ ಕುಸಿದರೆ, ಅದು ಷೇರು ಆರಿಸುವ ಜಾಣ್ಮೆಯಾಗಿರಲಿಲ್ಲ; ಮಿಡ್ ಕ್ಯಾಪ್ ಸೂಚ್ಯಂಕ ಫಂಡ್‌ನಲ್ಲಿ ಕಡಿಮೆ ಶುಲ್ಕಕ್ಕೇ ಸಿಗುತ್ತಿದ್ದ ಗಳಿಕೆ ಅದು.

ಖಚಿತವಾದ ನಷ್ಟ, ಅಸ್ಪಷ್ಟ ಲಾಭ

ಫಂಡ್ ಬದಲಾಯಿಸುವ ಮುನ್ನ ತೂಗಿ ನೋಡಬೇಕಾದ್ದು ಇಷ್ಟು. ಬದಲಾವಣೆಯ ಖರ್ಚಿಗೆ ಸ್ಟ್ಯಾಂಡರ್ಡ್ ಎರರ್ ಇಲ್ಲ. ಒಂದು ವರ್ಷ ದಾಟಿದ ಷೇರು ಫಂಡ್‌ನ ಲಾಭದಲ್ಲಿ ವರ್ಷಕ್ಕೆ 1.25 ಲಕ್ಷ ರೂಪಾಯಿ ಮೀರಿದ್ದಕ್ಕೆ ಶೇ 12.5 ತೆರಿಗೆ, ವರ್ಷ ತುಂಬದಿದ್ದರೆ ಶೇ 20. ಜೊತೆಗೆ ಎಷ್ಟೋ ಫಂಡ್‌ಗಳಲ್ಲಿ ಎಕ್ಸಿಟ್ ಲೋಡ್. ರೆಗ್ಯುಲರ್ ಪ್ಲಾನ್ ಆದರೆ ಏಜೆಂಟರ ಕಮಿಷನ್ ಪ್ರತಿ ವರ್ಷವೂ ನಮ್ಮ ಎನ್‌ಎವಿಯಿಂದಲೇ ಹೋಗುತ್ತದೆ. ಇವೆಲ್ಲ ಖಚಿತ. ಎದುರಿಗಿರುವುದು ಮೈನಸ್ ಶೇ 1.6ರಿಂದ ಪ್ಲಸ್ ಶೇ 7.1ರ ನಡುವೆ ಎಲ್ಲೋ ಇರುವ ಆಲ್ಫಾ.

ಆದ್ದರಿಂದ ನಮ್ಮ ಬೇಡಿಕೆ ಚಿಕ್ಕದು. ಫ್ಯಾಕ್ಟ್‌ಶೀಟಿನಲ್ಲಾಗಲಿ ಆ್ಯಪ್‌ನಲ್ಲಾಗಲಿ ಆಲ್ಫಾ ತೋರಿಸುವವರು ಅದರ ಪಕ್ಕದಲ್ಲೇ ಸ್ಟ್ಯಾಂಡರ್ಡ್ ಎರರ್, ತಿಂಗಳ ಸಂಖ್ಯೆ ಮತ್ತು ಬಳಸಿದ ಸೂಚ್ಯಂಕವನ್ನು ಮುದ್ರಿಸಲಿ. ‘ಆಲ್ಫಾ 2.8’ ಎನ್ನುವ ಬದಲು ‘ಆಲ್ಫಾ 2.8, ಆಚೀಚೆ 4.3’ ಎಂದು ಬರೆಯಲು ಅರ್ಧ ಸಾಲು ಸಾಕು. ಲೆಕ್ಕ ಅವರ ಕಂಪ್ಯೂಟರಿನಲ್ಲಿ ಆಲ್ಫಾ ಬಂದ ಗಳಿಗೆಯಲ್ಲೇ ಸಿದ್ಧವಾಗಿರುತ್ತದೆ. ಅಪಾಯದ ಮಟ್ಟವನ್ನು ರಿಸ್ಕೋಮೀಟರ್‌ನಲ್ಲಿ ತೋರಿಸುವಂತೆ ಮಾಡಿದ ಸೆಬಿಗೆ ಇದನ್ನೂ ಕಡ್ಡಾಯಗೊಳಿಸುವುದು ಕಷ್ಟವಾಗಬಾರದು. ಅಲ್ಲಿಯವರೆಗೆ, ಆಲ್ಫಾ ಹಿಡಿದುಕೊಂಡು ಬಂದವರನ್ನು ‘ಇದರ ಟಿ ಮೌಲ್ಯ ಎಷ್ಟು, ಎಷ್ಟು ತಿಂಗಳ ಲೆಕ್ಕ, ಯಾವ ಸೂಚ್ಯಂಕದ ಮೇಲೆ?’ ಎಂದು ಕೇಳಿ. ಉತ್ತರ ಬರುವವರೆಗೆ ಎಸ್‌ಐಪಿ ಇದ್ದಲ್ಲೇ ಇರಲಿ.