ಮೂರು ಪುಟದ ಪತ್ರ, ಒಂದು ಪುಟದ ವರದಿ

ನರಗುಂದ ತಾಲ್ಲೂಕಿನ ಚಿಕ್ಕನರಗುಂದದ ಸುತ್ತ ಎರೆಭೂಮಿಯೇ ಹೆಚ್ಚು. ಮಳೆ ಬಿದ್ದರೆ ಉಬ್ಬುವುದು, ಬಿಸಿಲಿಗೆ ಕುಗ್ಗಿ ಬಿರಿಯುವುದು ಈ ಮಣ್ಣಿನ ಸ್ವಭಾವ. ಜೋಳಕ್ಕೂ ಕಡಲೆಗೂ ಒಪ್ಪುವ ಈ ನೆಲ, ಮನೆ ಕಟ್ಟುವವನಿಗೆ ಅಷ್ಟು ಸುಲಭವಾಗಿ ಒಲಿಯುವುದಿಲ್ಲ. ಆದುದರಿಂದ ಇಲ್ಲಿ ಪಾಯ ತೋಡುವವರು ಎರೆಯನ್ನು ದಾಟಿ, ಕೆಳಗಿನ ಗಟ್ಟಿ ಗರಸು ಸಿಗುವವರೆಗೆ ಇಳಿಯಬೇಕಾಗುತ್ತದೆ. ಆ ಗರಸು ಎಷ್ಟು ಆಳದಲ್ಲಿದೆ ಎಂಬುದು ಒಂದೇ ನಿವೇಶನದ ಎರಡು ಮೂಲೆಗಳಲ್ಲಿಯೂ ಬೇರೆಯಾಗಿರಬಹುದು.

ಇಂತಹ ನೆಲದ ಮೇಲೆ ಶಾಲೆಗೆ ಎರಡು ಕೊಠಡಿಗಳನ್ನು ಕಟ್ಟಿಸುವ ಕೆಲಸವೊಂದನ್ನು ವಾಚಕರು ಊಹಿಸಿಕೊಳ್ಳಬಹುದು. ಕೆಲಸದ ಮೇಲೆ ನಿಂತಿರುವವನು ಒಬ್ಬ ತರುಣ ಎಂಜಿನಿಯರು. ಪ್ರತಿ ಶನಿವಾರ ಸಂಜೆ ಅವನು ತಾಲ್ಲೂಕಿನ ಮೇಲಧಿಕಾರಿಗೆ ವಾರದ ಸಮಾಚಾರವನ್ನು ಬರೆದು ಕಳುಹಿಸಬೇಕು. ಆ ಅಧಿಕಾರಿಯ ಕೈಯಲ್ಲಿ ಇಂತಹ ಹತ್ತಾರು ಕೆಲಸಗಳಿವೆ. ಆಗಸ್ಟ್ ತಿಂಗಳ ಒಂದು ಶನಿವಾರ ತರುಣನು ಬರೆದ ಪತ್ರ ಮೂರು ಪುಟಗಳಷ್ಟಿತ್ತು ಎನ್ನೋಣ.

ಪತ್ರ ಸೋಮವಾರದಿಂದ ಆರಂಭವಾಗುತ್ತದೆ. ಅಂದು ಸಿಮೆಂಟಿನ ಲಾರಿ ಬರಬೇಕಾಗಿತ್ತು, ಬರಲಿಲ್ಲ. ಹುಬ್ಬಳ್ಳಿಗೆ ನಾಲ್ಕು ಸಲ ಫೋನು ಮಾಡಲಾಯಿತು. ಮಂಗಳವಾರ ಮಳೆ. ಬುಧವಾರ ಲಾರಿ ಬಂದಿತು, ಆದರೆ ಹೆಸರು ಬಿಡಿಸುವ ಕಾಲವಾದುದರಿಂದ ಹನ್ನೆರಡು ಮಂದಿ ಆಳುಗಳಲ್ಲಿ ಏಳು ಮಂದಿ ಹೊಲಗಳಿಗೆ ಹೋಗಿಬಿಟ್ಟಿದ್ದರು. ಎರಡನೆಯ ಪುಟದಲ್ಲಿ ಶಾಲಾಭಿವೃದ್ಧಿ ಸಮಿತಿಯವರು ಬಂದು ನೋಡಿ ಸಂತೋಷಪಟ್ಟ ವರ್ಣನೆ ಇದೆ. ‘ಕೆಲಸವು ಭರದಿಂದ ಸಾಗಿದೆ’ ಎಂಬ ಮಾತು ಎರಡು ಕಡೆ ಬರುತ್ತದೆ. ಮೂರನೆಯ ಪುಟದ ನಡುವೆ, ಜಲ್ಲಿಯ ಬಿಲ್ಲಿನ ವಿಚಾರಕ್ಕೂ ಕಾವಲುಗಾರನ ರಜೆಗೂ ನಡುವೆ, ಒಂದು ವಾಕ್ಯ ಅಡಗಿ ಕುಳಿತಿದೆ: ‘ಪೂರ್ವದ ಗೋಡೆಯ ಕಡೆ ನಕಾಶೆಯಲ್ಲಿ ತೋರಿಸಿದ ಆಳಕ್ಕೆ ಇಳಿದರೂ ಎರೆಯೇ ಇದೆ, ಇನ್ನೂ ಸ್ವಲ್ಪ ತೋಡಬೇಕೆಂದು ಗವಂಡಿ ಹೇಳುತ್ತಾನೆ.’

ಮೂರು ಪುಟಗಳಲ್ಲಿ ಮೇಲಧಿಕಾರಿಯ ಅಪ್ಪಣೆಯನ್ನು ಕೇಳುವ ವಾಕ್ಯ ಇದೊಂದೇ. ಅದಾದರೂ ನೇರವಾಗಿ ಕೇಳುವುದಿಲ್ಲ. ಮೊದಲ ಪುಟವನ್ನು ಓದಿ, ಉಳಿದೆರಡನ್ನು ನಾಳೆಗೆಂದು ಮಡಿಸಿಡುವ ಅಧಿಕಾರಿಯನ್ನು ದೂರುವಂತಿಲ್ಲ.

ತರುಣನ ತಪ್ಪು ಆಲಸ್ಯದ್ದಲ್ಲ, ಅನುಕ್ರಮದ್ದು. ನಡೆದುದನ್ನು ನಡೆದ ಕ್ರಮದಲ್ಲಿಯೇ ಬರೆದಿದ್ದಾನೆ. ದಿನಚರಿಗೆ ಆ ಕ್ರಮ ಸರಿ. ವರದಿಗೆ ಬೇಕಾದುದು ಓದುವವನು ಏನು ಮಾಡಬೇಕೆಂಬುದರ ಕ್ರಮ.

ಪತ್ರವನ್ನು ಮತ್ತೆ ಕಟ್ಟುವ ಬಗೆ ಕಷ್ಟವಾದುದೇನಲ್ಲ. ಕೈಯಲ್ಲಿ ಪೆನ್ಸಿಲು ಹಿಡಿದು ಪ್ರತಿಯೊಂದು ವಾಕ್ಯದ ಅಂಚಿನಲ್ಲಿಯೂ ಒಂದು ಗುರುತು ಹಾಕುತ್ತ ಹೋಗಬೇಕು. ಮುಗಿದ ಕೆಲಸವನ್ನು ಹೇಳಿದರೆ ಒಂದು ಗುರುತು, ಮುಂದೆ ಕೆಡಬಹುದಾದುದನ್ನು ಹೇಳಿದರೆ ಮತ್ತೊಂದು, ಮಾಡಬೇಕಾದುದನ್ನು ಹೇಳಿದರೆ ಇನ್ನೊಂದು. ಯಾವ ಗುರುತಿಗೂ ಒಗ್ಗದ ವಾಕ್ಯಗಳು ಅರ್ಧಕ್ಕಿಂತ ಹೆಚ್ಚು ಉಳಿಯುತ್ತವೆ. ನಾಲ್ಕು ಸಲ ಮಾಡಿದ ಫೋನು, ಸಮಿತಿಯವರ ಸಂತೋಷ, ಕಾವಲುಗಾರನ ರಜೆ ಇವೆಲ್ಲ ಅಲ್ಲಿಯೇ ಬಿದ್ದುಹೋಗುತ್ತವೆ. ಬಿಲ್ಲುಗಳೂ ಅಳತೆಯ ಲೆಕ್ಕವೂ ಬೇರೆ ಹಾಳೆಗೆ ಸೇರುತ್ತವೆ. 1940ರ ಆಗಸ್ಟಿನಲ್ಲಿ, ಯುದ್ಧದ ಬಿಸಿಯ ನಡುವೆ, ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ತಮ್ಮ ಅಧಿಕಾರಿಗಳಿಗೆ ಬರೆದ ಸೂಚನೆಯೂ ಇದೇ: ಮುಖ್ಯ ವಿಷಯ ಚಿಕ್ಕ ಚಿಕ್ಕ ಪ್ಯಾರಾಗಳಲ್ಲಿರಲಿ, ವಿವರವೂ ಅಂಕಿಅಂಶಗಳೂ ಅನುಬಂಧಕ್ಕೆ ಹೋಗಲಿ.

ಇನ್ನು ಆಯ್ದ ವಾಕ್ಯಗಳ ಸರದಿ. ‘ಭರದಿಂದ ಸಾಗಿದೆ’ ಎಂಬುದು ಪ್ರಗತಿಯಲ್ಲ. ಅದು ಬರೆದವನ ಉತ್ಸಾಹ. ಪ್ರಗತಿಯನ್ನು ಅಳೆಯಲು ಬರಬೇಕು, ಹೋದ ವಾರ ಕೊಟ್ಟ ಮಾತಿನ ಪಕ್ಕದಲ್ಲಿಟ್ಟು ನೋಡಲು ಬರಬೇಕು. ನೂರಕ್ಕೆ ಎಂಬತ್ತು ಮುಗಿಯಿತು ಎಂದರೂ ಸಾಲದು, ಏಕೆಂದರೆ ಅದು ಯಾವುದರ ಎಂಬತ್ತು ಎಂದು ಯಾರೂ ಹೇಳಲಾರರು. ಮೀಟರಿನಲ್ಲಿ ಹೇಳಿದರೆ ಟೇಪು ಹಿಡಿದು ಪರೀಕ್ಷಿಸಬಹುದು.

ಅಪಾಯದ ವಿಷಯದಲ್ಲಿ ಹೆಚ್ಚು ಎಚ್ಚರಿಕೆ ಬೇಕು. ಲಾರಿ ತಡವಾದುದು ಅಪಾಯವಲ್ಲ; ಅದು ಆಗಿಹೋದ ತೊಂದರೆ, ಅದರ ಸ್ಥಾನ ಪ್ರಗತಿ ಏಕೆ ಕುಂಠಿತವಾಯಿತೆಂದು ಹೇಳುವಲ್ಲಿ. ‘ಮಳೆಯಿಂದ ಅಡಚಣೆಯಾಗಬಹುದು’ ಎಂಬುದೂ ಅಪಾಯವಲ್ಲ. ಆಗಸ್ಟಿನಲ್ಲಿ ಯಾವ ಊರಿನಿಂದಲಾದರೂ ಬರೆಯಬಹುದಾದ ಮಾತು ಅದು. ಏನು ಕೆಡಬಹುದು, ಏತಕ್ಕಾಗಿ, ಯಾವಾಗ, ಕೆಟ್ಟರೆ ನಷ್ಟವೇನು, ತಡೆಯುವವರು ಯಾರು ಎಂಬಿಷ್ಟೂ ಬಂದಾಗಲೇ ಅದು ಅಪಾಯದ ಸೂಚನೆ ಎನಿಸಿಕೊಳ್ಳುತ್ತದೆ. ತೆರೆದಿಟ್ಟ ಪಾಯದಲ್ಲಿ ನೀರು ನಿಂತರೆ ತಳ ಮೆತ್ತಗಾಗುತ್ತದೆ, ಬದಿಯ ಎರೆ ಕುಸಿಯುತ್ತದೆ. ಮೆತ್ತಗಾದುದನ್ನು ಕೆತ್ತಿ ತೆಗೆಯದೆ ಮೇಲೆ ಕಾಂಕ್ರೀಟು ಹಾಕುವಂತಿಲ್ಲ. ಗವಂಡಿಯ ಮಾತಿಗೂ ಮಳೆಗೂ ಇರುವ ಈ ನಂಟು ಮೂರು ಪುಟಗಳಲ್ಲಿ ಎಲ್ಲಿಯೂ ಬಂದಿರಲಿಲ್ಲ.

ಹೀಗೆ ಜರಡಿ ಹಿಡಿದ ಮೇಲೆ ಪತ್ರದ ರೂಪ ಇಂತಾಗುತ್ತದೆ:

‘ಅಪ್ಪಣೆ ಬೇಕಾಗಿದೆ: ಪೂರ್ವದ ಗೋಡೆಯ ಪಾಯವನ್ನು ಅರ್ಧ ಮೀಟರು ಹೆಚ್ಚು ಆಳಕ್ಕೆ ತೋಡಲು. ದಯವಿಟ್ಟು ಸೋಮವಾರ ಸ್ಥಳಕ್ಕೆ ಬಂದು ನೋಡಬೇಕು.

ಪ್ರಗತಿ: 60 ಮೀಟರು ಪಾಯವೂ ನಕಾಶೆಯ ಆಳಕ್ಕೆ, ಎಂದರೆ ಒಂದೂವರೆ ಮೀಟರಿಗೆ, ತೋಡಿ ಆಗಿದೆ. ಅದರಲ್ಲಿ 48 ಮೀಟರಿಗೆ ಗರಸು ಸಿಕ್ಕಿದೆ. ತಳದ ಕಾಂಕ್ರೀಟನ್ನು ಈ ವಾರ 60 ಮೀಟರಿಗೂ ಮುಗಿಸುವುದಾಗಿ ಹೇಳಿದ್ದೆವು, ಮುಗಿದದ್ದು 30. ಸಿಮೆಂಟು ಎರಡು ದಿನ ತಡವಾಯಿತು, ಏಳು ಆಳುಗಳು ಕಡಿಮೆಯಾದರು.

ಅಪಾಯ: ಪೂರ್ವದ 12 ಮೀಟರಿನಲ್ಲಿ ಇನ್ನೂ ಎರೆಯಿದೆ. ಹೆಚ್ಚಿನ ತೋಡುವಿಕೆ 6 ಘನ ಮೀಟರು ಆಗುತ್ತದೆ. ತೀರ್ಮಾನ ತಡವಾಗಿ ಮಳೆ ಬಂದರೆ ಬದಿ ಕುಸಿದು, ತೋಡಿದ್ದನ್ನೇ ಮತ್ತೆ ತೋಡಬೇಕಾಗುತ್ತದೆ. ಎರೆಯ ಮೇಲೆಯೇ ಕಟ್ಟಿದರೆ ಗೋಡೆ ಬಿರಿಯುವ ಭಯವಿದೆ.

ಮುಂದಿನ ಹೆಜ್ಜೆ: ಗರಸು ಸಿಕ್ಕ ಕಡೆ ಉಳಿದ 18 ಮೀಟರು ಕಾಂಕ್ರೀಟು, ಮಂಗಳವಾರದೊಳಗೆ, ಗವಂಡಿಯಿಂದ. ಅಪ್ಪಣೆ ದೊರೆತರೆ ಪೂರ್ವದ ಪಾಯ ಬುಧವಾರ ಮತ್ತು ಗುರುವಾರ, ಗುತ್ತಿಗೆದಾರರಿಂದ. ಅಲ್ಲಿನ ಕಾಂಕ್ರೀಟು ಶುಕ್ರವಾರ. ನೀರೆತ್ತುವ ಪಂಪನ್ನು ಸೋಮವಾರವೇ ತರಿಸುವ ಹೊಣೆ ನನ್ನದು.’

ಇಷ್ಟು ಬರೆದರೂ ಹಾಳೆಯಲ್ಲಿ ಜಾಗ ಉಳಿಯುತ್ತದೆ. ಗೋಡೆ ಬಿರಿಯುವ ಸಂಗತಿಯನ್ನು ಅಧಿಕಾರಿಗೆ ತಿಳಿಸಬೇಕೆ, ಅವರಿಗೆ ಗೊತ್ತಿಲ್ಲವೆ ಎಂದು ಕೆಲವರು ಕೇಳಬಹುದು. ಗೊತ್ತಿದೆ. ಆದರೆ ಹಣದ ಕಡತದೊಡನೆ ಈ ಹಾಳೆ ಮತ್ತೊಬ್ಬರ ಮೇಜಿಗೂ ಹೋಗುವುದು. ಅವರು ಎರೆಯ ಪಾಯ ಕಂಡವರಾಗಿರಬೇಕೆಂಬ ನಿಯಮವಿಲ್ಲ.

ಒಂದು ಪುಟದ ವರದಿಗೂ ಅದರದೇ ಆದ ರೋಗಗಳುಂಟು. ಅಕ್ಷರವನ್ನು ಸಾಸಿವೆಯಷ್ಟು ಚಿಕ್ಕದು ಮಾಡಿ ಮೂರು ಪುಟವನ್ನು ಒಂದರಲ್ಲಿ ತುರುಕುವವರಿದ್ದಾರೆ. ಅದಕ್ಕಿಂತ ಕೆಟ್ಟದ್ದು, ಕಹಿಯಾದುದನ್ನು ಅನುಬಂಧಕ್ಕೆ ತಳ್ಳಿ ಮೇಲಿನ ಹಾಳೆಯನ್ನು ಸಿಹಿಯಾಗಿಡುವುದು. ಇದನ್ನು ಒಂದೇ ವಾರದ ವರದಿಯಲ್ಲಿ ಪತ್ತೆ ಹಚ್ಚಲಾಗದು. ನಾಲ್ಕು ವಾರಗಳ ಹಾಳೆಗಳನ್ನು ಸಾಲಾಗಿ ಹರಡಬೇಕು. ಹೋದ ವಾರದ ‘ಮುಂದಿನ ಹೆಜ್ಜೆ’ಯ ಪ್ರತಿಯೊಂದು ಮಾತೂ ಈ ವಾರದ ‘ಪ್ರಗತಿ’ಯಲ್ಲಿ, ಆಯಿತೆಂದೋ ಆಗಲಿಲ್ಲವೆಂದೋ, ಕಾಣಿಸಿಕೊಳ್ಳಬೇಕು. ಸದ್ದಿಲ್ಲದೆ ಮಾಯವಾದ ಮಾತು ಎಲ್ಲಿದೆಯೋ ಅಲ್ಲಿ ವಿಚಾರಿಸಬೇಕು. ಒಂದೇ ಅಪಾಯ ಮೂರು ವಾರ ಅದೇ ಶಬ್ದಗಳಲ್ಲಿ ಬಂದಿದ್ದರೆ, ಅದನ್ನು ಯಾರೂ ಓದುತ್ತಿಲ್ಲ, ಇಲ್ಲವೆ ಬರೆಯುವವನು ಹಳೆಯ ಹಾಳೆಯನ್ನೇ ನಕಲು ಮಾಡುತ್ತಿದ್ದಾನೆ.

ತರುಣನ ಮೂರು ಪುಟಗಳನ್ನು ಹರಿದೆಸೆಯಬೇಕಾಗಿಲ್ಲ. ಮಂಗಳವಾರ ಮಳೆ ಬಂದುದು, ಬುಧವಾರ ಐದೇ ಆಳುಗಳಿದ್ದುದು ಅವುಗಳಲ್ಲಿ ದಿನಾಂಕದೊಡನೆ ಇದೆ. ಗುತ್ತಿಗೆದಾರರು ಮುಂದೆ ಅವಧಿಯ ವಿಸ್ತರಣೆ ಕೇಳಿದಾಗ ಬೇಕಾಗುವ ಆಧಾರ ಅದೇ. ಆ ಹಾಳೆಗಳು ಕೆಲಸದ ಸ್ಥಳದ ದಿನಚರಿಯಲ್ಲಿರಲಿ. ಶನಿವಾರ ಸಂಜೆ ತಾಲ್ಲೂಕಿಗೆ ಹೋಗುವುದು ಒಂದು ಹಾಳೆ.