ಎಂಟನೇ ತರಗತಿಗೊಂದು ಕಾಗೆ–ಕೊಂಬೆಯ ಪಾಠ

ತರ್ಕದೋಷಗಳನ್ನು ಶಾಲೆಯಲ್ಲಿ ಕಲಿಸೋಣ ಎಂದು ಯಾರಾದರೂ ಹೊರಟರೆ ಮೊದಲು ಸಿದ್ಧವಾಗುವುದು ಒಂದು ಪಟ್ಟಿ. ವ್ಯಕ್ತಿನಿಂದೆ, ಅವಸರದ ತೀರ್ಮಾನ, ಸುಳ್ಳು ಕಾರಣ, ಬಹುಮತದ ಮೊರೆ ಎಂದು ಹದಿನೈದಿಪ್ಪತ್ತು ಹೆಸರುಗಳು. ಪ್ರತಿಯೊಂದಕ್ಕೂ ಒಂದು ವ್ಯಾಖ್ಯೆ, ಒಂದು ಉದಾಹರಣೆ. ಕೊನೆಯಲ್ಲಿ ‘ಹೊಂದಿಸಿ ಬರೆಯಿರಿ’. ಎಂಟನೇ ತರಗತಿಯ ಮಕ್ಕಳು ಇದನ್ನು ಒಂದೇ ವಾರದಲ್ಲಿ ಬಾಯಿಪಾಠ ಮಾಡಿ ಒಪ್ಪಿಸಬಲ್ಲರು. ಆದರೆ ಹೆಸರು ಗೊತ್ತಿರುವ ಮಗು ವಾದವನ್ನು ತೂಗುವುದನ್ನೂ ಕಲಿತಿದೆ ಎಂದು ಹೇಳುವಂತಿಲ್ಲ. ಪಾಠಯೋಜನೆ ಇದಕ್ಕಿಂತ ತೀರ ಚಿಕ್ಕದಾಗಿರಬೇಕು ಎಂಬುದು ಈ ಲೇಖನದ ವಾದ. ಮೂರು ದೋಷಗಳು, ನಲವತ್ತು ನಿಮಿಷದ ನಾಲ್ಕು ಅವಧಿಗಳು, ಮಕ್ಕಳ ಮುಂದಿಡುವ ಉದಾಹರಣೆಗಳಲ್ಲಿ ಮೂರನೇ ಒಂದರಷ್ಟಾದರೂ ದೋಷವಿಲ್ಲದ ಒಳ್ಳೆಯ ವಾದಗಳು. ಈ ಕೊನೆಯ ಷರತ್ತು ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ.

ಏಕೆಂದರೆ ತಪ್ಪನ್ನಷ್ಟೇ ಹುಡುಕಲು ಕಲಿತವರಿಗೆ ಎಲ್ಲೆಲ್ಲೂ ತಪ್ಪೇ ಕಾಣುತ್ತದೆ. ಎದುರಾಳಿಯ ಮಾತಿಗೆ ‘ಇದು ವ್ಯಕ್ತಿನಿಂದೆ’ ಎಂದು ಚೀಟಿ ಅಂಟಿಸಿದರೆ ಉತ್ತರ ಕೊಟ್ಟಂತಾಯಿತು ಎಂದು ಮಗು ಭಾವಿಸುತ್ತದೆ. ವಾದದಲ್ಲಿ ದೋಷವಿದ್ದ ಮಾತ್ರಕ್ಕೆ ಅದರ ತೀರ್ಮಾನ ಸುಳ್ಳಾಗಬೇಕಿಲ್ಲ, ದುರ್ಬಲ ಕಾರಣ ಕೊಟ್ಟವರೂ ನಿಜ ಹೇಳುತ್ತಿರಬಹುದು ಎಂಬ ಸೂಕ್ಷ್ಮ ಆ ಪಟ್ಟಿಯಲ್ಲಿ ಎಲ್ಲೂ ಇರುವುದಿಲ್ಲ. ನಮ್ಮ ನ್ಯಾಯದರ್ಶನಕ್ಕೆ ಈ ಅಪಾಯ ಚೆನ್ನಾಗಿ ಗೊತ್ತಿತ್ತು. ಗೌತಮನ ನ್ಯಾಯಸೂತ್ರ ಐದು ಹೇತ್ವಾಭಾಸಗಳನ್ನು ಎಣಿಸುವುದರ ಜೊತೆಗೆ ಚರ್ಚೆಯನ್ನೂ ಮೂರು ಬಗೆಯಾಗಿ ವಿಂಗಡಿಸುತ್ತದೆ: ನಿಜ ತಿಳಿಯಲು ನಡೆಸುವ ವಾದ, ಗೆಲ್ಲಲು ನಡೆಸುವ ಜಲ್ಪ, ತನ್ನದೆಂಬ ಪಕ್ಷವೇ ಇಲ್ಲದೆ ಎದುರಿನವರನ್ನು ಕೆಡಹುವ ವಿತಂಡ. ನಮ್ಮ ಶಾಲೆಗಳ ಚರ್ಚಾಸ್ಪರ್ಧೆ, ಸ್ಪಷ್ಟವಾಗಿ ಹೇಳುವುದಾದರೆ, ಜಲ್ಪದ ತರಬೇತಿ. ಪರ ಅಥವಾ ವಿರೋಧ ಎಂದು ಮೊದಲೇ ಬರೆದುಕೊಟ್ಟ ಮೇಲೆ ಮನಸ್ಸು ಬದಲಿಸಿಕೊಳ್ಳುವ ಅವಕಾಶವೇ ಇಲ್ಲ. ತರ್ಕದೋಷಗಳ ಪಟ್ಟಿಯನ್ನು ಅಂಥ ವೇದಿಕೆಯ ಮೇಲಿಟ್ಟರೆ ಅದು ಇನ್ನೊಂದು ಆಯುಧವಾಗುತ್ತದೆ, ಅಷ್ಟೆ.

ಹಾಗಾದರೆ ಯಾವ ಮೂರು? ಮಕ್ಕಳು ದಿನವೂ ಕೇಳುವಂಥವು, ತರಗತಿಯೊಳಗೇ ಮಾಡಿ ನೋಡಬಹುದಾದಂಥವು. ಮೊದಲನೆಯದು ‘ಇದಾದ ಮೇಲೆ ಅದಾಯಿತು, ಆದ್ದರಿಂದ ಇದರಿಂದಲೇ ಅದಾಯಿತು’ ಎಂಬುದು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಮಾತು ಮಕ್ಕಳಿಗೆ ಮನೆಯಲ್ಲೇ ಸಿಕ್ಕಿರುತ್ತದೆ, ಹೊಸ ಪಾರಿಭಾಷಿಕ ಪದ ಬೇಡ. ಆದರೆ ಗಾದೆ ಗೊತ್ತಿದ್ದೂ ಮೋಸಹೋಗುತ್ತೇವೆ. ಆ ಮೋಸ ಮಕ್ಕಳಿಗೆ ಅನುಭವಕ್ಕೆ ಬರಬೇಕಾದರೆ ಒಂದು ನಾಣ್ಯ ಸಾಕು. ನಲವತ್ತು ಮಕ್ಕಳ ತರಗತಿ ಎಂದಿಟ್ಟುಕೊಳ್ಳೋಣ. ಪ್ರತಿಯೊಬ್ಬರೂ ನಾಣ್ಯವನ್ನು ಐದು ಸಲ ಚಿಮ್ಮಿ ಎಷ್ಟು ಸಲ ಸಿಂಹದ ಮುಖ ಬಿತ್ತೆಂದು ಬರೆದುಕೊಳ್ಳಲಿ. ಒಂದೂ ಬೀಳದವರು, ಒಂದೇ ಸಲ ಬಿದ್ದವರು ಎಲ್ಲ ಸೇರಿ ಸಾಮಾನ್ಯವಾಗಿ ಏಳೆಂಟು ಮಂದಿ ಇರುತ್ತಾರೆ. ಇವರನ್ನು ಮುಂದೆ ಕರೆದು ಶಿಕ್ಷಕರು ಗಂಭೀರ ಮುಖ ಮಾಡಿ ಒಂದೊಂದು ‘ಅದೃಷ್ಟದ ಪೆನ್ನು’ ಕೊಡಲಿ. ಪೆನ್ನನ್ನು ಎಡಗೈಯಲ್ಲಿ ಹಿಡಿದು ಮತ್ತೆ ಐದು ಸಲ ಚಿಮ್ಮಿದರೆ, ಎಂಟರಲ್ಲಿ ಆರೇಳು ಮಂದಿಯ ಅಂಕ ಏರುತ್ತದೆ. ಏರಲೇಬೇಕು: ಐದು ಚಿಮ್ಮುವಿಕೆಯ ಮೂವತ್ತೆರಡು ಸಾಧ್ಯತೆಗಳಲ್ಲಿ ಇಪ್ಪತ್ತಾರರಲ್ಲಿ ಎರಡು ಅಥವಾ ಹೆಚ್ಚು ಸಲ ಸಿಂಹ ಬೀಳುತ್ತದೆ. ತೀರ ಕೆಳಗಿದ್ದವರಿಗೆ ಮೇಲೇರುವುದೊಂದೇ ದಾರಿ. ತರಗತಿಗೆ ಮಾತ್ರ ಪೆನ್ನು ಕೆಲಸ ಮಾಡಿದಂತೆ ಕಾಣುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ಅದೊಂದು ಮೋಜಿನ ಆಟ. ಪಾಠ ಶುರುವಾಗುವುದು ಮುಂದಿನ ಪ್ರಶ್ನೆಯಿಂದ: ಪೆನ್ನು ಕೊಡದೇ ಇದ್ದಿದ್ದರೆ ಏನಾಗುತ್ತಿತ್ತು? ಅದನ್ನು ಮಕ್ಕಳೇ ಕೇಳುವವರೆಗೆ ಶಿಕ್ಷಕರು ತಡೆಯಬೇಕು. ಆಮೇಲೆ ಆಟವನ್ನು ಮೊದಲಿನಿಂದ ಆಡಿ, ಕಡಿಮೆ ಬಂದವರಲ್ಲಿ ಅರ್ಧ ಮಂದಿಗೆ ಮಾತ್ರ ಪೆನ್ನು ಕೊಟ್ಟು ಉಳಿದವರನ್ನು ಬರಿಗೈಯಲ್ಲಿ ಚಿಮ್ಮಿಸಬೇಕು. ಬಹುಮಟ್ಟಿಗೆ ಎರಡೂ ಗುಂಪು ಏರುತ್ತವೆ. ಆದರೆ ನಾಲ್ಕು ನಾಲ್ಕು ಮಂದಿಯ ಗುಂಪಿನಲ್ಲಿ ಎಡವಟ್ಟೂ ಆಗಬಹುದು. ಕೆಲವೊಮ್ಮೆ ಪೆನ್ನಿನ ಗುಂಪು ಆಕಸ್ಮಿಕವಾಗಿ ಎದ್ದು ಕಾಣುವಷ್ಟು ಮುಂದಿರುತ್ತದೆ. ಆಗ ಶಿಕ್ಷಕರು ಮುಜುಗರಪಟ್ಟು ಫಲಿತಾಂಶವನ್ನು ಮುಚ್ಚಿಟ್ಟರೆ ಇಡೀ ಪಾಠ ಹಾಳಾಗುತ್ತದೆ. ಅದನ್ನು ಹಾಗೆಯೇ ಕಪ್ಪುಹಲಗೆಯ ಮೇಲೆ ಬರೆದು ಎರಡನೇ ಸಲ, ಮೂರನೇ ಸಲ ಆಡಿಸಿ ಅಂಕಿಗಳನ್ನು ಕೂಡಿಸಬೇಕು. ಎಣಿಕೆ ಬೆಳೆದಂತೆ ಎರಡು ಗುಂಪುಗಳ ಅಂತರ ಕರಗುವುದನ್ನು ಮಕ್ಕಳು ಕಣ್ಣಾರೆ ನೋಡುತ್ತಾರೆ. ಪಾಠ ತಲುಪಿತೋ ಇಲ್ಲವೋ ಎಂದು ತಿಳಿಯುವ ಗುರುತೂ ಇಲ್ಲೇ ಇದೆ. ‘ಪೆನ್ನಿಗೆ ಶಕ್ತಿ ಇಲ್ಲ’ ಎಂದ ಮಗು ಶಿಕ್ಷಕರಿಗೆ ಬೇಕಾದ ಉತ್ತರ ಹೇಳಿದೆ, ‘ಪೆನ್ನಿಲ್ಲದವರದು ಎಷ್ಟಾಯಿತು?’ ಎಂದು ಕೇಳಿದ ಮಗು ಕಲಿತಿದೆ.

ಈ ಚಟುವಟಿಕೆ ಶಿಕ್ಷಕರಿಗೂ ಬೇಕು. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಇಸ್ರೇಲಿನ ವಾಯುಪಡೆಯ ತರಬೇತುದಾರರ ಬಗ್ಗೆ ಬರೆದಿದ್ದಾರೆ. ಚೆನ್ನಾಗಿ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡುತ್ತಾನೆ, ಕೆಟ್ಟದಾಗಿ ಹಾರಿಸಿದವನನ್ನು ಗದರಿದರೆ ಸುಧಾರಿಸುತ್ತಾನೆ ಎಂಬುದು ಆ ತರಬೇತುದಾರರ ಅನುಭವ. ಮೇಲಿದ್ದವರು ಇಳಿದದ್ದು, ಕೆಳಗಿದ್ದವರು ಏರಿದ್ದು ನಾಣ್ಯದ ಆಟದಲ್ಲಿ ನಡೆದದ್ದೇ. ಹೊಗಳಿಕೆ–ಗದರಿಕೆಗೆ ಅದರಲ್ಲಿ ಪಾತ್ರವಿರಬೇಕಿಲ್ಲ. ‘ಬೈದರೇ ಮಕ್ಕಳು ಓದುವುದು’ ಎಂಬ ನಂಬಿಕೆ ನಮ್ಮ ಎಷ್ಟು ಸಿಬ್ಬಂದಿ ಕೊಠಡಿಗಳಲ್ಲಿ ಇದೇ ಪುರಾವೆಯ ಮೇಲೆ ನಿಂತಿದೆಯೋ! ಇದರ ಬೆನ್ನಿಗೇ ಒಂದು ಒಳ್ಳೆಯ ವಾದವನ್ನೂ ಮಕ್ಕಳ ಮುಂದಿಡಬೇಕು. 1854ರಲ್ಲಿ ಲಂಡನ್ನಿನ ಬ್ರಾಡ್ ಬೀದಿಯ ಸುತ್ತ ಕಾಲರಾ ಹಬ್ಬಿದಾಗ ವೈದ್ಯ ಜಾನ್ ಸ್ನೋ ಅಲ್ಲಿನ ಕೈಪಂಪಿನ ನೀರೇ ಕಾರಣವೆಂದರು. ನೀರು ಕುಡಿದರು, ಆಮೇಲೆ ಸತ್ತರು ಎಂದಷ್ಟೇ ಹೇಳಿದ್ದರೆ ಅದೂ ಕಾಗೆ–ಕೊಂಬೆಯ ಮಾತೇ. ಆದರೆ ಅವರು ಕುಡಿಯದವರನ್ನೂ ಹುಡುಕಿದರು. ಅದೇ ಬೀದಿಯ ಬಿಯರ್ ಕಾರ್ಖಾನೆಯ ಕೆಲಸಗಾರರು ಆ ಪಂಪಿನ ನೀರು ಮುಟ್ಟುತ್ತಿರಲಿಲ್ಲ, ಅವರಲ್ಲಿ ಯಾರೂ ಕಾಲರಾದಿಂದ ಸಾಯಲಿಲ್ಲ. ಪೆನ್ನಿನ ವಾದಕ್ಕೂ ಪಂಪಿನ ವಾದಕ್ಕೂ ಹೊರರೂಪ ಒಂದೇ, ತೂಕ ಬೇರೆ. ಆ ವ್ಯತ್ಯಾಸವನ್ನು ಮಕ್ಕಳು ತಮ್ಮ ಮಾತಿನಲ್ಲಿ ಬರೆದರೆ ಎರಡು ಅವಧಿಗಳು ಸಾರ್ಥಕ.

ಉಳಿದೆರಡು ದೋಷಗಳಿಗೆ ಒಂದೊಂದು ಅವಧಿ ಸಾಕು. ಅವಸರದ ತೀರ್ಮಾನಕ್ಕೆ ಮಕ್ಕಳಿಗೆ ಗೊತ್ತಿರುವ ಅಡುಗೆಮನೆಯ ಪರೀಕ್ಷೆಯೇ ಒಳ್ಳೆಯ ಆರಂಭ: ಅನ್ನ ಬೆಂದಿದೆಯೇ ಎಂದು ಒಂದೇ ಅಗುಳು ಹಿಸುಕಿ ನೋಡುತ್ತಾರೆ, ಅದು ತಪ್ಪಲ್ಲ. ಪಕ್ಕದ ಊರಿನ ಒಬ್ಬನನ್ನು ನೋಡಿ ಊರಿನವರೆಲ್ಲ ಹಾಗೇ ಎಂದರೆ ಏಕೆ ತಪ್ಪು? ಪಾತ್ರೆಯ ಅಗುಳುಗಳೆಲ್ಲ ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ, ಅಷ್ಟೇ ಹೊತ್ತು ಬೆಂದಿವೆ, ಊರಿನವರು ಹಾಗಲ್ಲ. ಮೂರನೆಯದು ವ್ಯಕ್ತಿನಿಂದೆ. ಇದಕ್ಕೆ ಗುಂಪುಗಳಲ್ಲಿ ಹಂಚುವ ಆರು ಚೀಟಿಗಳು. ‘ಅವನು ಗಣಿತದಲ್ಲಿ ಫೇಲು, ಅವನು ಹೇಳಿದ ಬಸ್ಸಿನ ಸಮಯ ನಂಬಬೇಡ’ ಎಂಬುದು ಒಂದರಲ್ಲಿ. ‘ಟಾನಿಕ್ ಹೊಗಳುತ್ತಿರುವವರಿಗೆ ಕಂಪನಿಯೇ ದುಡ್ಡು ಕೊಟ್ಟಿದೆ, ಇನ್ನೊಬ್ಬರನ್ನೂ ಕೇಳು’ ಎಂಬುದು ಇನ್ನೊಂದರಲ್ಲಿ. ಎರಡೂ ವ್ಯಕ್ತಿಯ ಬಗ್ಗೆಯೇ ಮಾತಾಡುತ್ತವೆ, ಆದರೆ ಎರಡನೆಯದು ನ್ಯಾಯವಾದ ಎಚ್ಚರಿಕೆ. ಹೇಳುವವರ ಮಾತನ್ನೇ ನಂಬಬೇಕಾದ ಕಡೆ ಅವರು ಎಂಥವರು ಎಂಬುದು ಮುಖ್ಯ. ಕಾರಣಗಳು ಎದುರಿಗೇ ಇರುವ ಕಡೆ ಅದು ಅಡ್ಡಮಾತು. ಇಲ್ಲಿ ಮಕ್ಕಳು ಜಗಳವಾಡುತ್ತಾರೆ, ಆಡಲಿ.

ಹದಿಮೂರರ ಮಕ್ಕಳಿಗೆ ಇದು ಭಾರವಲ್ಲವೇ ಎಂಬುದು ಮೊದಲ ಆಕ್ಷೇಪ. ಉಗಾಂಡದ ಅನುಭವ ಇದಕ್ಕೆ ಉತ್ತರ ಕೊಡುತ್ತದೆ. ಅಲ್ಲಿ 120 ಪ್ರಾಥಮಿಕ ಶಾಲೆಗಳ ಐದನೇ ತರಗತಿಯಲ್ಲಿ ಚಿತ್ರಕಥೆಯ ಪುಸ್ತಕವಿಟ್ಟುಕೊಂಡು ಚಿಕಿತ್ಸೆಗಳ ಬಗೆಗಿನ ಹೇಳಿಕೆಗಳನ್ನು ಒರೆಗೆ ಹಚ್ಚುವ ಪ್ರಯೋಗ ನಡೆಯಿತು. ‘ನನಗೆ ವಾಸಿಯಾಯಿತು, ಆದ್ದರಿಂದ ಮದ್ದು ಒಳ್ಳೆಯದು’ ಎಂಬಂಥ ವಾದಗಳೇ ಅದರ ವಸ್ತು. 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಪಾಠ ಕೇಳಿದ ಮಕ್ಕಳಲ್ಲಿ ನೂರಕ್ಕೆ 69 ಮಂದಿ ಪರೀಕ್ಷೆಯಲ್ಲಿ ಉತ್ತೀರ್ಣರಾದರು, ಕೇಳದವರಲ್ಲಿ 27 ಮಂದಿ. ಅವರು ಎಂಬತ್ತು ನಿಮಿಷದ ಒಂಬತ್ತು ಪಾಠಗಳನ್ನು ತೆಗೆದುಕೊಂಡರು ಎಂಬುದನ್ನೂ ಮರೆಯಬಾರದು. ಇಲ್ಲಿ ಸೂಚಿಸಿದ ನಾಲ್ಕು ಅವಧಿಗಳು ಅದರ ಮುಂದೆ ಸಣ್ಣ ಮೊತ್ತ, ಅದಕ್ಕೇ ದೋಷಗಳನ್ನು ಮೂರಕ್ಕೆ ಇಳಿಸಬೇಕಾಗಿದೆ. ಪಠ್ಯಕ್ರಮ ಮುಗಿಸುವ ಒತ್ತಡದಲ್ಲಿ ಹೊಸ ವಿಷಯ ಬೇಡ ಎನ್ನುವವರು ನಾಣ್ಯದ ಆಟವನ್ನು ಗಣಿತಕ್ಕೂ ಸ್ನೋ ಕಥೆಯನ್ನು ವಿಜ್ಞಾನಕ್ಕೂ ಚೀಟಿಗಳನ್ನು ಕನ್ನಡ ಅವಧಿಗೂ ಹಂಚಿಕೊಳ್ಳಬಹುದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೊಂದಿದೆ. ತರಗತಿಯಲ್ಲಿ ಚೀಟಿ ನೋಡಿ ದೋಷ ಹಿಡಿದ ಮಗು ಮನೆಗೆ ಹೋಗಿ ವಾಟ್ಸ್ಯಾಪ್ ಸಂದೇಶವನ್ನು ಹಾಗೇ ನಂಬಬಹುದು. ಈ ಸಂಶಯಕ್ಕೆ ಆಧಾರವೂ ಇದೆ. 2019ರ ಲೋಕಸಭಾ ಚುನಾವಣೆಯ ಹೊತ್ತಿಗೆ ಬಿಹಾರದಲ್ಲಿ ಸುಮಿತ್ರಾ ಬದ್ರಿನಾಥನ್ ಎಂಬ ಸಂಶೋಧಕಿ ಮನೆಮನೆಗೆ ಒಂದು ಗಂಟೆಯ ತರಬೇತಿ ಕೊಡಿಸಿ ನೋಡಿದರು. ಸುಳ್ಳುಸುದ್ದಿ ಗುರುತಿಸುವುದರಲ್ಲಿ ಒಟ್ಟಾರೆ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಮುಂದೆ ಅದೇ ರಾಜ್ಯದಲ್ಲಿ ಅವರೂ ಸಹೋದ್ಯೋಗಿಗಳೂ ಸರ್ಕಾರದ ಜೊತೆಗೂಡಿ, ಎಂಟರಿಂದ ಹನ್ನೆರಡನೇ ತರಗತಿಯ ಮಕ್ಕಳಿಗೆ ಹಲವು ವಾರಗಳಲ್ಲಿ ಹರಡಿದ ನಾಲ್ಕು ತರಗತಿಗಳನ್ನು ನಡೆಸಿದಾಗ ಫಲ ಕಂಡಿತು, ತಿಂಗಳುಗಳ ಬಳಿಕವೂ ಉಳಿಯಿತು. ಅದು ಸುಳ್ಳುಸುದ್ದಿಯ ಪಾಠ, ತರ್ಕದೋಷದ್ದಲ್ಲ. ವಯಸ್ಕರಿಗೂ ಮಕ್ಕಳಿಗೂ ನೇರ ಹೋಲಿಕೆಯೂ ಸಲ್ಲದು. ಆದರೂ ಒಂದೇ ದಿನದ ಕಾರ್ಯಾಗಾರವನ್ನು ನೆಚ್ಚಿಕೊಳ್ಳಬಾರದು ಎನ್ನಲು ಇಷ್ಟು ಸಾಕು. ನಾಲ್ಕು ಅವಧಿಗಳನ್ನು ಒಂದೇ ವಾರಕ್ಕೆ ತುರುಕದೆ ತಿಂಗಳಿಗೊಂದರಂತೆ ಇಟ್ಟು, ನಡುವೆ ಮಕ್ಕಳೇ ಜಾಹೀರಾತು, ಸಂದೇಶ, ಭಾಷಣದ ತುಣುಕುಗಳನ್ನು ಬರೆದು ತರುವಂತೆ ಮಾಡಬೇಕು.

ಮಕ್ಕಳು ಹಿರಿಯರಿಗೆ ಎದುರಾಡುವುದನ್ನು, ನಂಬಿಕೆಗಳನ್ನು ಕೆಣಕುವುದನ್ನು ಕಲಿಯುತ್ತಾರೆ ಎಂಬ ಆತಂಕವನ್ನು ನಕ್ಕು ತಳ್ಳಿಹಾಕುವಂತಿಲ್ಲ. ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಸಂವಿಧಾನದ 51ಎ ವಿಧಿಯಂತೆ ಪೌರರ ಕರ್ತವ್ಯ ಎಂದು ನೆನಪಿಸಿದರೆ ಪೋಷಕರ ಅಳುಕು ಹೋಗುವುದಿಲ್ಲ. ಮೊದಲ ವರ್ಷದ ಉದಾಹರಣೆಗಳನ್ನು ದೇವರು, ಜಾತಿ, ಪಕ್ಷಗಳಿಂದ ದೂರವಿಡುವುದೇ ಜಾಣತನ. ಹೇಡಿತನದಿಂದ ಹೇಳುವ ಮಾತಲ್ಲ ಇದು: ಮನಸ್ಸು ಮುನಿದಿರುವಾಗ ಮಗು ವಾದವನ್ನು ತೂಗುವುದಿಲ್ಲ, ತನ್ನವರನ್ನು ಕಾಯುತ್ತದೆ. ಪೆನ್ನು, ಟಾನಿಕ್, ಕ್ರಿಕೆಟ್ ತಂಡದ ಮೇಲೆ ಕೈ ಪಳಗಿದ ಮಗು ಉಳಿದದ್ದನ್ನು ತಾನಾಗಿಯೇ ತಲುಪುತ್ತದೆ.

ಕೊನೆಗೆ ಎಲ್ಲವೂ ಪ್ರಶ್ನೆಪತ್ರಿಕೆಗೆ ಬಂದು ನಿಲ್ಲುತ್ತದೆ. ‘ಕೆಳಗಿನ ವಾಕ್ಯದಲ್ಲಿರುವ ತರ್ಕದೋಷವನ್ನು ಹೆಸರಿಸಿ’ ಎಂದು ಒಂದು ಅಂಕದ ಪ್ರಶ್ನೆ ಬಂದ ದಿನವೇ ಗೈಡುಗಳು ಪಟ್ಟಿ ಅಚ್ಚುಹಾಕುತ್ತವೆ, ನಾಣ್ಯ ಮೂಲೆ ಸೇರುತ್ತದೆ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ಇಂಥ ಘಟಕವನ್ನು ಎಂದಾದರೂ ರೂಪಿಸುವುದಾದರೆ ಪ್ರಶ್ನೆಯನ್ನು ಹೀಗೆ ಕೇಳಲಿ: ‘ಈ ಮಾತನ್ನು ಒಪ್ಪುವ ಮೊದಲು ನಿಮಗೆ ಇನ್ನೇನು ತಿಳಿಯಬೇಕು?’