ಮರ ಬರೆದರೆ ಸಾಕಾ?

ಕೇಸ್ ಇಂಟರ್‌ವ್ಯೂ ಅಂದ್ರೆ ಇಶ್ಯೂ ಟ್ರೀ ಉರು ಹೊಡೆಯೋದು ಅಂತ ಯಾರು ಹೇಳಿಕೊಟ್ರೋ!

ದೊಡ್ಡಬಳ್ಳಾಪುರದಲ್ಲೊಂದು ಪವರ್‌ಲೂಮ್ ಘಟಕ ಅಂತಿಟ್ಕೊಳ್ಳಿ. ತಿಂಗಳಿಗೆ 100 ರೇಷ್ಮೆ ಸೀರೆ. ಲಾಭ 60,000 ಇದ್ದದ್ದು 40,000ಕ್ಕೆ ಇಳಿದಿದೆ. ನಮ್ಮ ಹುಡುಗರು ಆದಾಯ, ಖರ್ಚು ಅಂತ ಕೊಂಬೆ ಬರೆದು ಎಲೆ ಎಲೆಯನ್ನೂ ವಿಚಾರಿಸ್ತಾ ಕೂರ್ತಾರೆ. ಹಾಗಲ್ಲ ಸ್ವಾಮಿ. ಸೀರೆಯ ಸಂಖ್ಯೆ, ಬೆಲೆ ಎರಡೂ ಬದಲಾಗಿಲ್ವಾ? ಆದಾಯದ ಕೊಂಬೆ ಬಿಡಿ. ಖರ್ಚಲ್ಲಿ ದೊಡ್ಡದು ನೂಲು. 'ನೂಲಿನ ದರ ಏರಿದೆ' ಅಂತ ಊಹೆ ಇಟ್ಟು ದರ ಕೇಳಿ.

ಕಿಲೋಗೆ 4,000, ಮೊದಲಿನಷ್ಟೇ! ಊಹೆ ಸುಳ್ಳಾಯ್ತು. ಇಲ್ಲೇ ಬಹಳ ಜನ ಕೂಲಿಗೋ ಕರೆಂಟಿಗೋ ಹಾರಿಬಿಡೋದು. ನೂಲಿನ ಖರ್ಚು ಅಂದ್ರೆ ದರ ಗುಣಿಸು ತೂಕ ಅಲ್ವೇ, ತೂಕ ಕೇಳಿದ್ರಾ? ಸೀರೆಗೆ 400 ಗ್ರಾಂ ಹಿಡೀತಿದ್ದದ್ದು ಈಗ 450. ಹೆಚ್ಚಿನ 50 ಗ್ರಾಂಗೆ 200 ರೂಪಾಯಿ, 100 ಸೀರೆಗೆ 20,000. ಲೆಕ್ಕ ಸರಿಹೋಯ್ತು. ಇನ್ನು ನೇಯ್ದ ಸೀರೆಯನ್ನೇ ತೂಗಿ; ಅದರ ತೂಕ ಏರಿಲ್ಲ ಅಂದ್ರೆ ನೂಲು ವೇಸ್ಟಾಗ್ತಿದೆ.